ಚಂದ್ರ ಕಾಣುವ ಮುಂಚಿನ ಮಾತು

ರಂಜಾನಿನ ಕೊನೆಯ ವಾರ ಬಂತೆಂದರೆ ನಮ್ಮ ಬೀದಿಯ ಹೆಂಗಸರಿಗೆ ಒಂದೇ ಆಟ. ನಾವು ಗೌರವದಿಂದ ಲಲ್ಲಾ ಎನ್ನುವ, ಬೀದಿಯ ಒಲೆಯ ಒಡತಿ ಯಾಮ್ನಾಳ ಬಾಯಿಂದ ಹೇಗಾದರೂ ಮಾಡಿ "ಮಬ್ರೂಕ್ ಅಲ್‌ಈದ್" ಎಂದು ಹೊರಡಿಸಬೇಕು. ಹಬ್ಬ ಶುಭವಾಗಲಿ ಎಂಬ ಮಾತು ಅದು, ಎಲ್ಲರೂ ಎಲ್ಲರಿಗೂ ಹೇಳುವುದೇ. ಬಿಸ್ಕತ್ತಿನ ತಟ್ಟೆ ಹೊತ್ತು ಒಲೆಗೆ ಬಂದವಳು ಏನೂ ತಿಳಿಯದವಳ ಹಾಗೆ ಆ ಮಾತನ್ನು ಅಂದುಬಿಡುವಳು. ಯಾಮ್ನಾ ಉದ್ದನೆಯ ಕೋಲುಹಲಗೆಯಲ್ಲಿ ತಟ್ಟೆಯನ್ನು ಬೆಂಕಿಯ ಕಡೆಗೆ ತಳ್ಳುತ್ತ, ತಿರುಗಿಯೂ ನೋಡದೆ ಕೇಳುವಳು:

"ಯಾವ ಹಬ್ಬ? ಚಂದ್ರನ್ನ ಸೆರಗಲ್ಲಿ ಕಟ್ಕೊಂಡು ಬಂದಿದೀಯಾ? ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲೀಬೇಡ. ಅವಾಶಿರ್ ಮಬ್ರೂಕಾ ಅನ್ನು, ತಟ್ಟೆ ಇಡು, ಹೋಗು."

ಅವಾಶಿರ್ ಎಂದರೆ ಹಬ್ಬದ ಹೊಸ್ತಿಲಿನ ಪುಣ್ಯದಿನಗಳು. ಆ ದಿನಗಳು ನಿಮಗೆ ಒಳ್ಳೆಯದು ತರಲಿ ಎಂದು ಹಾರೈಸಿದರೆ, ಹಬ್ಬ ನಾಳೆಯಾದರೂ ಆ ಮಾತು ಸುಳ್ಳಾಗುವುದಿಲ್ಲ, ನಾಡಿದ್ದಾದರೂ ಸುಳ್ಳಾಗುವುದಿಲ್ಲ. ನಮ್ಮ ಊರು ಫಕೀಹ್ ಬೆನ್ ಸಾಲಹ್‌ನಲ್ಲಿ ಈ ಮಾತು ಎಲ್ಲರಿಗೂ ಗೊತ್ತು, ಎಲ್ಲರೂ ಹೇಳುತ್ತಾರೆ. ಆದರೆ ಗಡಿಯನ್ನು ಯಾಮ್ನಾಳಷ್ಟು ಬಿಗಿಯಾಗಿ ಕಾಯುವವರನ್ನು ನಾನು ಬೇರೆ ಕಂಡಿಲ್ಲ. ಸಂಜೆಯ ಪ್ರಾರ್ಥನೆಯ ನಂತರ ಟೀವಿಯಲ್ಲಿ ಚಂದ್ರ ಕಂಡಿತೆಂದು ಹೇಳುವವರೆಗೆ ಅವಾಶಿರ್. ಹೇಳಿದ ಮರುಗಳಿಗೆಯಿಂದ ಹಬ್ಬ. ನಡುವೆ ಬೇರೆ ಯಾವ ಮಾತಿಗೂ ಎಡೆಯಿಲ್ಲ.

ಇದಕ್ಕೊಂದು ಕಾರಣವಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ, ಅವರ ಹಳ್ಳಿಗೆ ಇನ್ನೂ ಕರೆಂಟು ಬರದಿದ್ದ ಕಾಲದಲ್ಲಿ, ಪಕ್ಕದ ಊರಲ್ಲಿ ಚಂದ್ರ ಕಂಡಿತಂತೆ ಎಂದು ಯಾರೋ ದಾರಿಹೋಕರು ಅಂದದ್ದನ್ನು ನಂಬಿ ಅವಳು ಅತ್ತೆಗೆ ಹಬ್ಬದ ಶುಭಾಶಯ ಹೇಳಿದ್ದಳು. ಅತ್ತೆ ಬೆಳಿಗ್ಗೆ ಎದ್ದು ಜೇನುತುಪ್ಪ ಹಚ್ಚಿದ ರೊಟ್ಟಿ ತಿಂದಳು. ಬಿಸಿಲೇರುವಾಗ ಮಸೀದಿಯಿಂದ ಬಂದ ಮಾವ, ಇವತ್ತೂ ಉಪವಾಸವೇ, ಹಬ್ಬ ನಾಳೆ ಎಂದ. ತಪ್ಪಿದ ಉಪವಾಸವನ್ನು ಮುಂದೆ ಒಂದು ದಿನ ಹಿಡಿದು ತೀರಿಸಬೇಕಲ್ಲ, ಚಳಿ ಕಳೆಯಲಿ ಎಂದುಕೊಂಡ ಅತ್ತೆ ಆ ಚಳಿಯನ್ನೇ ದಾಟಲಿಲ್ಲ. "ನನ್ನ ಒಂದು ಮಾತನ್ನ ಬಾಕಿ ಇಟ್ಕೊಂಡು ಹೋದ್ಳು" ಎನ್ನುತ್ತಿದ್ದಳು ಯಾಮ್ನಾ. ಪ್ರತಿವರ್ಷ ಅತ್ತೆಯ ಹೆಸರಿನಲ್ಲಿ ಒಬ್ಬ ಬಡವನನ್ನು ಕೂರಿಸಿ ಊಟ ಹಾಕುತ್ತಿದ್ದಳು.

ನಾನು ಬೆಟ್ಟದ ತಪ್ಪಲಿನ ಹಳ್ಳಿಯವಳು. ಇಲ್ಲಿನ ಶಾಲೆಗೆ ಪಾಠ ಹೇಳಲು ಬಂದು ಯಾಮ್ನಾಳ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಮನೆಯ ಕೆಳಭಾಗವೇ ಬೀದಿಯ ಒಲೆ. ಅವಳ ಗಂಡ ಬೂಅಝಾ ನಡೆಸುತ್ತಿದ್ದದ್ದು. ಅವನು ಸತ್ತಾಗ, ಒಲೆಯ ಕೆಲಸ ಹೆಂಗಸಿಗಲ್ಲ ಎಂದು ಬೀದಿಯ ಗಂಡಸರು ಒಂದು ವಾರ ಹೇಳಿದರಂತೆ. ಮನೆಯಲ್ಲಿ ನಾದಿಟ್ಟ ಹಿಟ್ಟು ಹುಳಿ ಬರತೊಡಗಿದ ಮೇಲೆ ಸುಮ್ಮನಾದರಂತೆ. ಯಾವ ತಟ್ಟೆ ಯಾರ ಮನೆಯದೆಂದು ಯಾಮ್ನಾ ಅದರ ನೆಗ್ಗು ನೋಡಿಯೇ ಹೇಳುತ್ತಿದ್ದಳು. ಓದಲು ಬಾರದು. ಫೋನಿನಲ್ಲಿ ಮಗನ ಧ್ವನಿ ಹಚ್ಚಿಕೊಳ್ಳುವುದು ಮಾತ್ರ ಚೆನ್ನಾಗಿ ಬರುತ್ತಿತ್ತು.

ಮಗ ಜವಾದ್ ಒಬ್ಬನೇ. ಇಟಲಿಯ ಬ್ರೆಶಾದಲ್ಲಿ ನಲ್ಲಿ ತಯಾರಿಸುವ ಕಾರ್ಖಾನೆಯಲ್ಲಿದ್ದ. ನಮ್ಮ ಊರಿನಲ್ಲಿ ಅರ್ಧ ಮನೆಗಳ ಮಕ್ಕಳು ಆ ದೇಶದಲ್ಲೇ ಇದ್ದಾರೆ, ಅದರಲ್ಲಿ ವಿಶೇಷವೇನಿಲ್ಲ. ತೊಡಕು ಹಬ್ಬದಲ್ಲಿ ಮಾತ್ರ. ಅಲ್ಲಿನ ಮಸೀದಿಗಳು ಮಕ್ಕಾದ ಕಡೆಯಿಂದ ಬಂದ ಸುದ್ದಿಯನ್ನು ನಂಬಿ ಹಬ್ಬ ಮಾಡುತ್ತವೆ. ನಾವು ನಮ್ಮ ಆಕಾಶವನ್ನೇ ನೋಡಿ ಮಾಡುತ್ತೇವೆ. ಹಾಗಾಗಿ ಎಷ್ಟೋ ವರ್ಷ ಅವರದು ಒಂದು ದಿನ ಮುಂಚೆ. ಜವಾದ್ ಅಲ್ಲಿ ಹೊಟ್ಟೆ ತುಂಬ ತಿಂದು ಫೋನು ಮಾಡಿ "ಯಮ್ಮಾ, ಮಬ್ರೂಕ್ ಅಲ್‌ಈದ್" ಎನ್ನುವನು. ಇಲ್ಲಿ ಇವಳು ಒಣನಾಲಿಗೆಯಲ್ಲಿ ಒಲೆಯೆದುರು ಬೇಯುತ್ತಿರುವಳು.

"ನಾನಿನ್ನೂ ಉಪವಾಸದಲ್ಲಿದೀನಿ ಕಣೋ. ನಿನ್ನ ಹಬ್ಬ ನಿನ್ನ ಹತ್ರಾನೇ ಇಟ್ಕೋ. ನನಗೆ ಅವಾಶಿರ್ ಅನ್ನು."

"ಹಬ್ಬ ಮುಗಿಸ್ಕೊಂಡು ಕೂತು ಅವಾಶಿರ್ ಅನ್ಲಾ? ಜನ ನಗ್ತಾರೆ ಯಮ್ಮಾ."

"ಹಾಗಾದ್ರೆ ನಾಳೆ ಮಾಡು ಫೋನು."

ಅವನು ಮರುದಿನ ಮತ್ತೆ ಮಾಡುವನು. ಪ್ರತಿವರ್ಷ ಇದೇ ಜಗಳ. ಇಬ್ಬರಿಗೂ ಅದು ಹಬ್ಬದ ಒಂದು ತಿಂಡಿಯ ಹಾಗಿತ್ತು.

ಆ ವರ್ಷ ಹಬ್ಬದ ಮೇಲೆ ಇನ್ನೊಂದು ಭಾರವೂ ಇತ್ತು. ಎದುರು ಮನೆಯ ರಕಿಯಾಳ ಮಗಳು ಸಿಹಾಮಳನ್ನು ಜವಾದ್‌ಗೆ ಕೇಳಿ ಮಾತಾಗಿತ್ತು. ಹಬ್ಬದ ಬೆಳಿಗ್ಗೆ ಯಾಮ್ನಾ ನೀಲಿ ಕಾಗದ ಸುತ್ತಿದ ಸಕ್ಕರೆ ಅಚ್ಚು, ಬಟ್ಟೆ, ಗೋರಂಟಿ, ಖರ್ಜೂರ ಹೊತ್ತು ಅವರ ಮನೆಗೆ ಹೋಗುವುದೆಂದು ಇತ್ಯರ್ಥ. ಆ ತಟ್ಟೆ ಹೊಸ್ತಿಲು ದಾಟಿತೆಂದರೆ ಹುಡುಗಿ ಇವರವಳು. ರಕಿಯಾಳ ಮಗ ಲಾರ್ಬಿಯೂ ಬ್ರೆಶಾದವನೇ. ಮಗಳೂ ಅಲ್ಲಿಗೇ ಹೋದರೆ ಅಣ್ಣ ತಂಗಿ ಒಂದೇ ಊರಿನಲ್ಲಿರುತ್ತಾರೆಂಬುದು ರಕಿಯಾಳ ಲೆಕ್ಕ. ಅದನ್ನು ಅವಳು ಮುಚ್ಚಿಟ್ಟವಳೂ ಅಲ್ಲ. "ನಾನು ಹುಡುಗನ್ನ ನೋಡಿ ಕೊಡ್ತಿಲ್ಲ ಯಾಮ್ನಾ, ಊರು ನೋಡಿ ಕೊಡ್ತಿದೀನಿ" ಎಂದು ನನ್ನೆದುರೇ ನಗುತ್ತ ಹೇಳಿದ್ದಳು.

ಅಂದು ಸೋಮವಾರ. ನಮಗೆ ಉಪವಾಸದ ಇಪ್ಪತ್ತೊಂಬತ್ತನೆಯ ದಿನ. ಸಂಜೆ ಚಂದ್ರನನ್ನು ನೋಡುವ ದಿನ. ಶಾಲೆ ಬೇಗ ಬಿಟ್ಟಿದ್ದರಿಂದ ನಾನೂ ಒಲೆಯ ಹತ್ತಿರವೇ ಇದ್ದೆ. ಬಾದಾಮಿಯ ಬಿಸ್ಕತ್ತು, ಎಳ್ಳಿನ ಬಿಸ್ಕತ್ತು, ಕಿತ್ತಳೆಹೂವಿನ ನೀರು ಚಿಮುಕಿಸಿದ ಕಡುಬು, ತಟ್ಟೆಯ ಮೇಲೆ ತಟ್ಟೆ. ಸಕ್ಕರೆ ಸರಿಯಾಗಿದೆಯೋ ಇಲ್ಲವೋ ಎಂದು ತಿಂದು ನೋಡುವ ಹಾಗಿಲ್ಲ, ಮೂಸಿ ನೋಡಿ ಜಗಳವಾಡುತ್ತಿದ್ದರು.

"ನಿನ್ನದು ಸೀದಿದೆ ನೋಡು" ಎಂದಳು ಮುದುಕಿ ಹದ್ದಾ, ಪಕ್ಕದವಳ ತಟ್ಟೆ ತೋರಿಸಿ. ಈ ಹದ್ದಾ ತಾನೇನೂ ಬೇಯಿಸದಿದ್ದರೂ ದಿನಾ ಒಲೆಗೆ ಬಂದು ಕೂರುವವಳು.

"ಸೀದಿಲ್ಲ ಖಾಲ್ತಿ, ಬಣ್ಣ."

"ನಿನ್ನ ಗಂಡನಿಗೆ ಹೇಳು ಅದನ್ನ. ಹಲ್ಲು ಗಟ್ಟಿ ಇದೆಯಾ ಕೇಳಿ ಹೇಳು."

ನಕ್ಕರು. ಉಪವಾಸದ ಮಧ್ಯಾಹ್ನ ಖಾಲ್ತಿ ಹದ್ದಾ ಒಬ್ಬಳೇ ನಗಿಸಬಲ್ಲವಳು. ಅತ್ತೆ, ಚಿಕ್ಕಮ್ಮ ಎಂಬ ಅರ್ಥದಲ್ಲಿ ಬೀದಿಯೆಲ್ಲ ಅವಳನ್ನು ಖಾಲ್ತಿ ಎಂದೇ ಕರೆಯುತ್ತಿತ್ತು.

ರಕಿಯಾ ಫೋನು ಹಿಡಿದುಕೊಂಡು ಎಲ್ಲರಿಗೂ ತೋರಿಸುತ್ತ ಬಂದಳು. ಬೆಳಿಗ್ಗೆ ಲಾರ್ಬಿ ಕಳಿಸಿದ ಚಿತ್ರ. ಬ್ರೆಶಾದಲ್ಲಿ ಅಂದೇ ಹಬ್ಬ. ದೊಡ್ಡ ಕ್ರೀಡಾಂಗಣದ ನೆಲದ ಮೇಲೆ ಸಾಲುಸಾಲು ಗಂಡಸರು, ಮುಂದೆ ಬಿಳಿ ಜಲ್ಲಾಬಾ ನಿಲುವಂಗಿ ತೊಟ್ಟ ಲಾರ್ಬಿ, ಕೈಯಲ್ಲಿ ಕಾಫಿ ಲೋಟ.

"ಕಾಫಿ ಕುಡೀತಾ ಚಿತ್ರ ಕಳಿಸ್ತಾನೆ ನೋಡಿ, ಪಾಪಿ" ಎಂದಳು ಹದ್ದಾ. "ತಾಯಿ ಇಲ್ಲಿ ಎಂಜಲು ನುಂಗ್ತಿದಾಳೆ ಅನ್ನೋ ಕನಿಕರ ಬೇಡ್ವಾ?"

"ಜವಾದ್ ಎಲ್ಲೇ ಇದರಲ್ಲಿ?" ಯಾರೋ ಕೇಳಿದರು.

"ಹಿಂದಿನ ಸಾಲಲ್ಲಿರ್ಬೇಕು" ಎಂದಳು ಯಾಮ್ನಾ. ಕಣ್ಣು ಕಿರಿದು ಮಾಡಿ ಚಿತ್ರ ನೋಡಿದಳು. "ಅವನು ಎದ್ನೋ ಇಲ್ವೋ. ಇನ್ನೂ ಫೋನೇ ಮಾಡಿಲ್ಲ. ಬೈಸ್ಕೊಳ್ಳೋಕೆ ಹೆದರ್ಕೊಂಡಿರ್ತಾನೆ."

ಅವಳು ಹಾಗೆನ್ನುವಷ್ಟರಲ್ಲಿ, ಕಥೆಯಲ್ಲಿ ಆಗುವ ಹಾಗೇ, ಹಿಟ್ಟಿನ ಮೇಜಿನ ಮೇಲಿದ್ದ ಅವಳ ಫೋನು ಸದ್ದು ಮಾಡಿತು. ಜವಾದ್‌ನ ಧ್ವನಿಸಂದೇಶ. ಅವಳ ಕೈ ಹಿಟ್ಟಾಗಿತ್ತು. "ಒತ್ತು ಮಗಳೇ, ಎಲ್ಲರೂ ಕೇಳ್ಲಿ. ಈಗ ನೋಡಿ, ಮಬ್ರೂಕ್ ಅಲ್‌ಈದ್ ಅಂತಾನೆ, ನಾನು ಬೈತೀನಿ" ಎಂದಳು ನನಗೆ.

ನಾನು ಒತ್ತಿದೆ. ಅವನ ಧ್ವನಿ ಒಲೆಯ ಗೋಡೆಗಳಿಗೆ ಬಡಿದು ದೊಡ್ಡದಾಗಿ ಕೇಳಿಸಿತು.

"ಯಮ್ಮಾ, ಅವಾಶಿರ್ ಮಬ್ರೂಕಾ. ನಾಲಿಗೆ ಒಣಗಿ ಚಪ್ಪಲಿ ಆಗಿದೆ, ಇನ್ನೊಂಚೂರು ತಡ್ಕೋಬೇಕು. ಆಕಾಶ ಚೊಕ್ಕಟವಾಗಿದೆ, ಇವತ್ತು ಸಂಜೆ ಚಂದ್ರ ಕಾಣ್ಬಹುದು. ಕಂಡ್ರೆ ನಾಳೆ ಹಬ್ಬ, ಕಾಣ್ದಿದ್ರೆ ಇನ್ನೊಂದು ದಿನ ಸೈ. ನಿನಗೂ ಬೀದಿಯೋರಿಗೂ ದೇವರು ಹಬ್ಬ ಮುಟ್ಟಿಸ್ಲಿ."

ಯಾಮ್ನಾಳ ಮುಖ ಅರಳಿದ್ದನ್ನು ನಾನು ನೋಡಿದೆ. ಇಷ್ಟು ವರ್ಷ ಬೈದದ್ದು ಸಾರ್ಥಕವಾಯಿತೆಂಬ ಮುಖ. "ಕೇಳಿದ್ರಾ? ಅವಾಶಿರ್ ಅಂದ! ಕೊನೆಗೂ ಕಲ್ತ ನನ್ನ ಮಗ! ಇನ್ನೊಂದ್ಸಲ ಹಚ್ಚು ಮಗಳೇ."

ನಾನು ಮತ್ತೆ ಹಚ್ಚಿದೆ. ಎರಡನೆಯ ಸಲ ಕೇಳುವಾಗ ಯಾರೂ ನಗುತ್ತಿರಲಿಲ್ಲ. ಏನೋ ತಪ್ಪಿದೆ ಎಂದು ನನಗೂ ಹೊಳೆಯಿತು, ಆದರೆ ಏನೆಂದು ತಿಳಿಯಲಿಲ್ಲ. ರಕಿಯಾಳ ಕೈಯಲ್ಲಿ ಲಾರ್ಬಿಯ ಚಿತ್ರ ಇನ್ನೂ ಬೆಳಗುತ್ತಿತ್ತು. ಅವಳು ಅದನ್ನೇ ನೋಡುತ್ತ, ನಿಧಾನವಾಗಿ ಕೇಳಿದಳು:

"ನಾಲಿಗೆ ಯಾಕೆ ಒಣಗಿದೆ?"

"ಏನು?"

"ಅಲ್ಲಿ ಇವತ್ತು ಹಬ್ಬ. ಹಬ್ಬದ ದಿನ ಉಪವಾಸ ಹಿಡಿಯೋದು ಹರಾಮ್. ನಿನ್ನ ಮಗನ ನಾಲಿಗೆ ಯಾಕೆ ಒಣಗಿದೆ ಯಾಮ್ನಾ?"

ಒಬ್ಬಳು ಸಮಾಧಾನಕ್ಕೆ ಬಾಯಿ ಹಾಕಿದಳು. "ಅಲ್ಲೂ ಕೆಲವ್ರು ನಮ್ಮ ದೇಶದ ಚಂದ್ರನ್ನೇ ಹಿಡೀತಾರಂತೆ ಕಣೇ. ತಾಯಿ ಬೈತಾಳೆ ಅಂತ ಅವನೂ..."

"ಹೋದ ವರ್ಷ ಲಾರ್ಬಿ ಪಕ್ಕದಲ್ಲೇ ನಿಂತು ನಮಾಜು ಮಾಡಿದ್ದ. ಅದರ ಹಿಂದಿನ ವರ್ಷಾನೂ" ಎಂದಳು ರಕಿಯಾ. "ಅದಿರ್ಲಿ, ಚಂದ್ರ? ಸಂಜೆ ಕಾಣ್ಬಹುದು ಅಂತಾನಲ್ಲ. ಎಲ್ಲಿ ಕಾಣ್ಬಹುದು? ಅಲ್ಲಿ ನಿನ್ನೆ ರಾತ್ರೀನೇ ಎಲ್ಲ ತೀರ್ಮಾನ ಆಗಿದೆ. ಇವತ್ತು ಸಂಜೆ ಯಾರು ಆಕಾಶ ನೋಡ್ತಾರೆ?"

ಒಳಗೆ ಯಾವುದೋ ತಟ್ಟೆ ಸೀಯುತ್ತಿತ್ತು. ಯಾಮ್ನಾ ಕೋಲುಹಲಗೆ ಹಿಡಿದು ನಿಂತೇ ಇದ್ದಳು. ಅವಳ ಒಲೆಯಲ್ಲಿ ಏನಾದರೂ ಸೀದದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಹದ್ದಾ ಎದ್ದು ಬಂದು ಅವಳ ಕೈಯಿಂದ ಹಲಗೆ ತೆಗೆದುಕೊಂಡು, ಕರಿಕಾದ ತಟ್ಟೆಯನ್ನು ಹೊರಗೆಳೆದಳು.

ರಕಿಯಾ ಅಲ್ಲೇ ನಿಂತು ಮಗನಿಗೆ ಫೋನು ಹಚ್ಚಿದಳು. "ಲಾರ್ಬಿ, ಜವಾದ್ ನಿನ್ನ ಹತ್ರ ಇದಾನಾ?" ಎಂದಷ್ಟೇ ಕೇಳಿದಳು. ಅವನ ಉತ್ತರ ನಮಗೆಲ್ಲ ಕೇಳಿಸಿತು: "ಅವನನ್ನೇ ಕೇಳಿ ಯಮ್ಮಾ. ನನ್ನ ಬಾಯಿಂದ ಬೇಡ."

ಹೆಂಗಸರು ಬೆಂದ ತಟ್ಟೆ, ಬೇಯದ ತಟ್ಟೆ ಎಲ್ಲವನ್ನೂ ಎತ್ತಿಕೊಂಡು ಹೊರಟರು. ಹೋಗುವಾಗ ಒಬ್ಬೊಬ್ಬರೂ "ಅವಾಶಿರ್ ಮಬ್ರೂಕಾ ಯಾಮ್ನಾ" ಎಂದರು. ಬೇರೇನು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಸತ್ತ ಮನೆಯಿಂದ ಹೊರಡುವವರ ಧ್ವನಿಯಲ್ಲಿ ಆ ಮಾತನ್ನು ಕೇಳುವುದು ನನಗೆ ಹೆದರಿಕೆ ಹುಟ್ಟಿಸಿತು. ರಕಿಯಾ ಮಾತ್ರ ಏನೂ ಅನ್ನದೆ ಹೋದಳು.

ಯಾಮ್ನಾ ಒಲೆಯ ಬಾಗಿಲು ಎಳೆದು ಮಹಡಿಗೆ ಬಂದಳು. ಕೈಯ ಹಿಟ್ಟು ತೊಳೆದಿರಲಿಲ್ಲ. ಬೆರಳುಗಳ ಮೇಲೆ ಅದು ಒಣಗಿ ಬಿರಿದಿತ್ತು.

"ಜೈಲಲ್ಲಿರ್ಬಹುದಾ ಮಗಳೇ?" ಎಂದಳು. "ಅಲ್ಲಿಂದ ಓಡಿಸಿ ಬಿಟ್ಟಿರ್ಬಹುದಾ? ಮುಖ ತೋರ್ಸು ಅಂದ್ರೆ ಫೋನಿನ ಕ್ಯಾಮೆರಾ ಒಡೆದಿದೆ ಅಂತಿದ್ದ. ಚಳಿಗಾಲದಿಂದ ಹಾಗೇ ಅಂತಿದ್ದಾನೆ. ಒಂದು ಕ್ಯಾಮೆರಾ ಸರಿ ಮಾಡ್ಸೋಕೆ ಎಷ್ಟು ದಿನ ಬೇಕು? ನನಗೆ ಯಾಕೆ ಹೊಳೀಲಿಲ್ಲ?"

ಅವನಿಗೇ ಫೋನು ಮಾಡೋಣವೆಂದೆ. ಬೇಡವೆಂದಳು. "ಕೇಳಿದ್ರೆ ಇನ್ನೊಂದು ಸುಳ್ಳು ಹೇಳ್ತಾನೆ. ಅದನ್ನೂ ನಂಬ್ಬಿಡ್ತೀನಿ ನಾನು. ಅವನು ಅವಾಶಿರ್ ಕಳಿಸಿದಾನೆ, ನಾನೂ ಒಂದು ಮಾತು ಕಳಿಸ್ಬೇಕಲ್ಲ. ಅದನ್ನೇ ಸರಿಯಾಗಿ ಕಳಿಸ್ತೀನಿ."

ನಾನು ಫೋನು ಹಿಡಿದು ಕೂತೆ. ಅವಳು ಹೇಳುವುದು, ತಡೆಯುವುದು, ನಾನು ಅಳಿಸುವುದು. ಒಂದು ಶುಭಾಶಯಕ್ಕೆ ಒಬ್ಬರು ಇಷ್ಟು ಒದ್ದಾಡಬಹುದೆಂದು ನಾನು ಎಣಿಸಿರಲಿಲ್ಲ.

"ಮಬ್ರೂಕ್ ಅಲ್‌ಈದ್ ಅಂದ್ರೆ," ಎಂದಳು, ತನಗೇ ಹೇಳಿಕೊಳ್ಳುವವಳಂತೆ, "ನೀನು ಇಟಲೀಲಿದೀಯ, ನಿನಗೆ ಇವತ್ತೇ ಹಬ್ಬ ಅಂತ ನಾನೂ ನಾಟಕಕ್ಕೆ ಸೇರ್ಕೊಂಡ ಹಾಗೆ. ಅದೂ ಅಲ್ದೆ ಚಂದ್ರ ಕಂಡಿಲ್ಲ. ಬರೀ ಅವಾಶಿರ್ ಅಂದ್ರೆ, ನೀನು ನಮ್ಮ ಆಕಾಶದ ಕೆಳಗೇ ಇದೀಯ ಅಂತ ನನಗೆ ಗೊತ್ತು ಅಂದ ಹಾಗೆ. ಅವನಿಗೆ ತಿಳಿಯುತ್ತೆ. ತಿಳಿದ್ರೆ ಫೋನು ಮುಚ್ಚಿಬಿಟ್ರೆ? ಆಮೇಲೆ ಎಲ್ಲಿ ಅಂತ ಹುಡುಕ್ಲಿ?"

"ಏನೂ ಕಳಿಸದಿದ್ದರೆ?"

"ಹಬ್ಬದ ಹೊಸ್ತಿಲಲ್ಲಿ ಮಗನ ಮಾತಿಗೆ ಮಾತು ಕೊಡದೆ ಇರ್ಲಾ?" ನನ್ನ ಮೇಲೆ ಸಿಟ್ಟಾದಳು.

ಉಪವಾಸ ಬಿಡುವ ಹೊತ್ತಿನ ಸೈರನ್ನು ಕೂಗಿತು. ಖರ್ಜೂರ ಬಾಯಿಗಿಟ್ಟು ನೀರು ಕುಡಿದಳು, ಸೂಪು ಮುಟ್ಟಲಿಲ್ಲ. ಮಾಳಿಗೆಗಳ ಮೇಲೆಲ್ಲ ಹೆಂಗಸರು ಮಕ್ಕಳು ಹತ್ತಿ ನಿಂತಿದ್ದರು, ಪಡುವಣದ ಕೆಂಪಿನಲ್ಲಿ ಬಿದಿಗೆಯ ಗೆರೆ ಹುಡುಕುತ್ತ. ಅಲ್ಲೋ ಅಲ್ಲೋ ಎಂದು ಯಾರೋ ಕೂಗಿದರು. ಅದು ತಂತಿಯ ಮೇಲಿನ ದಾರವಾಗಿತ್ತು. ಯಾಮ್ನಾ ಆಕಾಶವನ್ನು ನೋಡಲೇ ಇಲ್ಲ. ಗೋಡೆಗೆ ಒರಗಿ ಫೋನನ್ನು ಬಾಯಿಯ ಹತ್ತಿರ ಹಿಡಿದು, ಒಂದೇ ಉಸಿರಿಗೆ ಅಂದಳು:

"ಅವಾಶಿರ್ ಮಬ್ರೂಕಾ ಮಗನೇ. ಯಾವ ಊರಿಂದ ಚಂದ್ರನ್ನ ನೋಡ್ತಿದೀಯಾ, ಅಷ್ಟು ಹೇಳು."

ಕಳಿಸಿಯೂಬಿಟ್ಟಳು. ಅವನು ಕೇಳಿಸಿಕೊಂಡನೆಂಬ ನೀಲಿ ಗುರುತು ಬಿತ್ತು. ಉತ್ತರ ಬರಲಿಲ್ಲ.

ಟೀವಿಯಲ್ಲಿ ಘೋಷಣೆಯಾಯಿತು: ಚಂದ್ರದರ್ಶನ ದೃಢಪಟ್ಟಿದೆ, ನಾಳೆ ಮಂಗಳವಾರ ಹಬ್ಬ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹೆಂಗಸರು ನಾಲಿಗೆ ಆಡಿಸಿ ಉಲಿಯುವ ಹರ್ಷದ ಕೂಗೆದ್ದಿತು. ಎಲ್ಲ ಮನೆಗಳ ಫೋನುಗಳೂ ಒಟ್ಟಿಗೆ ಬಡಿದುಕೊಳ್ಳತೊಡಗಿದವು. ನನ್ನ ತಾಯಿ ಹಳ್ಳಿಯಿಂದ ಮಾಡಿದಳು, ನಾನು ಎತ್ತಿ ಎರಡು ಮಾತಾಡಿ ಇಟ್ಟೆ. ಯಾಮ್ನಾಳ ಫೋನು ಮಾತ್ರ ಅವಳ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಕೊನೆಗೆ ಅದು ಹೊಡೆದುಕೊಂಡಾಗ ಅವಳು ನನ್ನ ಕೈ ಹಿಡಿದುಕೊಂಡಳು. ಸ್ಪೀಕರ್ ಒತ್ತಿದಳು.

"ಯಮ್ಮಾ."

"ಹೇಳು."

"ಬೆನಿ ಮೆಲಾಲ್."

ಅವಳಿಗೆ ಅರ್ಥವಾಗಲಿಲ್ಲ. ನನಗೂ. ಕಾಸಾಬ್ಲಾಂಕಾ ಅನ್ನಬಹುದು, ಅಗಾದಿರ್ ಅನ್ನಬಹುದು, ಜೈಲು ಅನ್ನಬಹುದು ಎಂದೆಲ್ಲ ಎಣಿಸಿದ್ದೆವು. ಬೆನಿ ಮೆಲಾಲ್ ನಮ್ಮ ಪಕ್ಕದ ಪೇಟೆ. ಟ್ಯಾಕ್ಸಿಯಲ್ಲಿ ಆರು ಜನ ತುಂಬುವುದಕ್ಕೆ ಹಿಡಿಯುವಷ್ಟು ಹೊತ್ತು ದಾರಿ ಹಿಡಿಯುವುದಿಲ್ಲ.

"ಯಾವ ಬೆನಿ ಮೆಲಾಲ್?" ಎಂದಳು ಯಾಮ್ನಾ, ಪೆದ್ದಿಯ ಹಾಗೆ.

"ನಮ್ಮದೇ ಯಮ್ಮಾ. ಕಾರ್ಖಾನೆ ಮುಚ್ತು. ಅಲ್ಲಿರೋಕೆ ಬೇಕಾದ ಕಾಗದ ಮತ್ತೆ ಮಾಡ್ಕೊಡ್ಲಿಲ್ಲ. ಆಲಿವ್ ಕೊಯ್ಯೋ ಹೊತ್ತಿಗೆ ಬಂದೆ. ಗಾರೆ ಕೆಲಸಕ್ಕೆ ಹೋಗ್ತಿದೀನಿ. ಬ್ರೆಶಾದಲ್ಲಿ ನನ್ನ ರೂಮಲ್ಲಿದ್ದ ಮುನೀರ್ ಕೈಲಿ ದುಡ್ಡು ಕಟ್ಟಿಸಿ ಹಳೇ ಇಟಲಿ ನಂಬರನ್ನೇ ಇಟ್ಕೊಂಡಿದೀನಿ. ಸ್ವಲ್ಪ ನಿಂತ್ಕೊಂಡ್ಮೇಲೆ ಹೇಳೋಣ ಅಂತಿದ್ದೆ."

"ಬೆನಿ ಮೆಲಾಲಿಗೆ ನಾನು ಬಂದಿದ್ನಲ್ಲೋ. ಕಣ್ಣು ತೋರ್ಸೋಕೆ. ರಂಜಾನಿಗೆ ಮುಂಚೆ."

ಆ ಕಡೆ ಉಸಿರು ಮಾತ್ರ.

"ಜವಾದ್?"

"ನೋಡ್ದೆ ಯಮ್ಮಾ. ಟ್ಯಾಕ್ಸಿ ನಿಲ್ದಾಣದಲ್ಲಿ. ಹಸಿರು ಚೀಲ ಇತ್ತು ನಿನ್ನ ಕೈಲಿ. ನಾನು ಲಾರಿ ಹಿಂದಕ್ಕೆ ಹೋದೆ."

ಯಾಮ್ನಾ ಕೂಗಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಅಂದು ಆ ನಿಲ್ದಾಣದಲ್ಲಿ ಬಿಸಿಲಿಗೆ ತಲೆ ತಿರುಗಿ ಯಾರದೋ ಪೆಟ್ಟಿಗೆಯ ಮೇಲೆ ಕೂತಿದ್ದಳೆಂದು ಬಂದು ನನಗೆ ಹೇಳಿದ್ದಳು. ಮಗನಿಗೆ ಅದೂ ಕಂಡಿರಬೇಕು. ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಕೊನೆಗೆ ಅವಳು ಕೇಳಿದ್ದು ಇಷ್ಟು:

"ಇಟಲಿಗೆ ಸಾಮಾನು ಒಯ್ಯೋ ವ್ಯಾನಲ್ಲಿ ನಿನಗೆ ಎಣ್ಣೆ ಕಳಿಸಿದ್ನಲ್ಲ. ಬಾದಾಮಿ ಉಂಡೆ ಕಳಿಸಿದ್ನಲ್ಲ. ಯಾರು ತಿಂದ್ರು?"

"ಮುನೀರ್."

"ಸಮುದ್ರ ದಾಟಿಸಿ ಮುನೀರನ ಹೊಟ್ಟೆ ತುಂಬಿಸ್ದೆ ನಾನು!" ಅದು ನಗುವೋ ಅಳುವೋ ನನಗೆ ಗೊತ್ತಾಗಲಿಲ್ಲ. "ಚೆನ್ನಾಗಿತ್ತು ಅಂತ ಬೇರೆ ಹೇಳಿದ್ಯಲ್ಲೋ, ಕತ್ತೆ!"

"ಯಮ್ಮಾ, ಮಬ್ರೂಕ್..."

"ಬೇಡ." ಥಟ್ಟನೆ ತಡೆದಳು. "ಫೋನಲ್ಲಿ ಹೇಳ್ಬೇಡ. ಬೆಳಿಗ್ಗೆ ಮೊದಲ ಟ್ಯಾಕ್ಸಿಗೆ ಬಾ. ನನ್ನ ಮುಂದೆ ನಿಂತು ಹೇಳು."

ಹಬ್ಬದ ಬೆಳಿಗ್ಗೆ ಗಂಡಸರು ನಮಾಜಿಗೆ ಹೋಗಿ ಬೀದಿ ಖಾಲಿಯಾಗಿದ್ದಾಗ ಯಾಮ್ನಾ ಎದುರು ಮನೆಗೆ ಹೊರಟಳು. ಸಕ್ಕರೆ ಅಚ್ಚು, ಬಟ್ಟೆ, ಗೋರಂಟಿ ಎಲ್ಲ ಮೇಜಿನ ಮೇಲೆಯೇ ಇತ್ತು. ಬರಿಗೈಯಲ್ಲಿ ಹೋದಳು. ಒಬ್ಬಳೇ ಹೋಗಲಾರೆನೆಂದು ನನ್ನನ್ನೂ ಕರೆದಳು.

ರಕಿಯಾ ಬಾಗಿಲು ತೆರೆದು, ಮೊದಲು ಬರಿಗೈಯನ್ನು ನೋಡಿದಳು.

"ಮಬ್ರೂಕ್ ಅಲ್‌ಈದ್ ರಕಿಯಾ" ಎಂದಳು ಯಾಮ್ನಾ. "ಹುಡುಗ ಬೆನಿ ಮೆಲಾಲಲ್ಲಿ ಗಾರೆ ಕೆಲಸ ಮಾಡ್ತಿದಾನೆ. ಇಟಲಿ ಮುಗೀತು. ನಿನಗೆ ಕೊಟ್ಟ ಮಾತು ಇಟಲಿಯ ಹುಡುಗನ್ದು. ಅದಕ್ಕೇ ತಟ್ಟೆ ತಂದಿಲ್ಲ."

"ಯಾವಾಗಿಂದ?"

"ಆಲಿವ್ ಕೊಯ್ಲಿಂದ."

"ನಿನಗೆ ಯಾವಾಗಿಂದ ಗೊತ್ತು?"

"ನಿನಗೆ ಯಾವಾಗ ಗೊತ್ತಾಯ್ತೋ ಆಗಿಂದ. ಒಲೆ ಮುಂದೆ."

ರಕಿಯಾ ನಕ್ಕಳು. ಒಳ್ಳೆಯ ನಗುವಲ್ಲ. "ಟ್ಯಾಕ್ಸಿ ದಾರೀಲಿರೋ ಮಗ. ಅರ್ಧ ವರ್ಷ ತಾಯಿಗೆ ಗೊತ್ತಾಗ್ಲಿಲ್ಲ. ಇದನ್ನ ನಾನು ನಂಬ್ಬೇಕು. ಚಂದ್ರನ ಮೇಲೆ ಸುಳ್ಳು ಹೇಳಲ್ಲ ಅಂತ ಬೀದಿಗೆಲ್ಲ ಪಾಠ ಹೇಳ್ತಿದ್ಯಲ್ಲ ಯಾಮ್ನಾ, ಮನುಷ್ಯರ ಮೇಲೆ ಹೇಳ್ಬಹುದಾ?"

ಯಾಮ್ನಾ ಹೊಸ್ತಿಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮಗ ಅಡಗಿ ನಿಂತಿದ್ದನೆಂದು ಕೇಳಿದಾಗಲೂ ಅವಳು ಇಷ್ಟು ಕುಗ್ಗಿರಲಿಲ್ಲ. ತನ್ನ ಮಾತನ್ನು ಯಾರೂ ನಂಬದಿರಬಹುದೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ. ನಾನು ಏನೋ ಹೇಳಹೊರಟೆ. "ನೀನು ಅವಳ ಬಾಡಿಗೆಯವಳು, ಸುಮ್ಮನಿರು" ಎಂದಳು ರಕಿಯಾ. ಹಿಂದೆ ನಡುಮನೆಯಲ್ಲಿ ಸಿಹಾಮ್ ಹೊಸ ಅಂಗಿ ತೊಟ್ಟು ನಿಂತಿದ್ದಳು. ನಮ್ಮನ್ನು ನೋಡಿದಳು, ಒಳಗೆ ಹೋಗಲಿಲ್ಲ. ಬಾಗಿಲು ಮುಚ್ಚಿತು.

ಜವಾದ್ ಬಂದಾಗ ಬೀದಿ ಮತ್ತೆ ತುಂಬಿತ್ತು. ಬಿಳಿ ಬಟ್ಟೆಯ ಗಂಡಸರು ಮನೆಯಿಂದ ಮನೆಗೆ ತಬ್ಬಿಕೊಳ್ಳುತ್ತ ನಡೆದಿದ್ದರು. ಅವನನ್ನು ಕಂಡವರೆಲ್ಲ ಒಂದು ಕ್ಷಣ ತೊದಲಿದರು. ಹೊರದೇಶದಿಂದ ಬಂದವನಿಗೆ ಸುಖವಾಗಿ ತಲುಪಿದೆಯಲ್ಲ, ದೇವರು ದೊಡ್ಡವನು ಎನ್ನುವುದು ನಮ್ಮ ರೂಢಿ. ಪಕ್ಕದ ಪೇಟೆಯಿಂದ ಬಂದವನಿಗೆ ಏನೆನ್ನಬೇಕು? ಹದ್ದಾ ಒಬ್ಬಳೇ ತನ್ನ ಹೊಸ್ತಿಲಿನಿಂದ ಕೂಗಿದಳು: "ಬಾರೋ ಇಟಲಿ! ವಿಮಾನ ತಡವಾಯ್ತಾ?"

ಅವನು ತಲೆ ತಗ್ಗಿಸಿದ. ಸಣ್ಣಗಾಗಿದ್ದ. ಉಗುರುಗಳಲ್ಲಿ ಸುಣ್ಣ ಕೂತಿತ್ತು. ಯಾಮ್ನಾ ಮನೆಯ ಬಾಗಿಲಲ್ಲಿದ್ದಳು. ಅವನು ಅವಳ ತಲೆಗೆ ಮುತ್ತಿಡಲು ಬಾಗಿದ. ಅವಳು ಅವನ ಎರಡೂ ಕಿವಿ ಹಿಡಿದುಕೊಂಡಳು, ಹಿಂಡಿದಳೋ ಸವರಿದಳೋ ಹೇಳಲಾರೆ. ಅಂಗೈ ತಿರುಗಿಸಿ ನೋಡಿದಳು. ಕಣ್ಣು ಒರೆಸಿಕೊಂಡು ರೊಟ್ಟಿ ತಿನ್ನಿಸುವಳೆಂದುಕೊಂಡೆ. ಅವಳು ಹಾಗೆ ಮಾಡಲಿಲ್ಲ.

"ಆಮೇಲೆ ತಿನ್ನು. ಮೊದಲು ರಕಿಯಾ ಮನೆಗೆ ಹೋಗು. ನನಗೆ ಗೊತ್ತಿರ್ಲಿಲ್ಲ ಅಂತ ಹೇಳು. ನನ್ನ ಬಾಯಲ್ಲಿ ಅವಳು ನಂಬಲ್ಲ. ನೀನು ಮುಚ್ಚಿಟ್ಟಿದ್ದು, ನೀನೇ ಹೇಳ್ಬೇಕು."

"ಹುಡುಗಿ ಕೊಡಲ್ಲ ಯಮ್ಮಾ ಇನ್ನು."

"ಕೊಡ್ಲಿ ಅಂತ ಕಳಿಸ್ತಿಲ್ಲ ಕಣೋ."

ಅವನು ಬೀದಿ ದಾಟಿದ. ಕಿಟಕಿಗಳಲ್ಲಿ ತಲೆಗಳು ಮೂಡಿದವು. ತಬ್ಬಿಕೊಳ್ಳುತ್ತಿದ್ದ ಗಂಡಸರು ನಿಂತು ನೋಡಿದರು. ಮುಚ್ಚಿದ ಬಾಗಿಲಿನ ಮುಂದೆ ಕೈ ಎತ್ತಿದವನು ಬಡಿಯದೆ ಹಿಂದಿರುಗಿ ನೋಡಿದ.

"ಯಮ್ಮಾ, ಮೊದಲು ಏನು ಹೇಳ್ಲಿ?"

"ಮೊದಲು ಹಬ್ಬದ ಮಾತು ಹೇಳು" ಎಂದಳು ಯಾಮ್ನಾ, ಬೀದಿಗೆಲ್ಲ ಕೇಳುವ ಹಾಗೆ. "ಅದಾದ್ರೂ ಇವತ್ತು ನಿಜ."

ಅವನು ಬಾಗಿಲು ಬಡಿದ.